ಸೀಸೆಯಲ್ಲಿ ಸಿಕ್ಕ 4: ಎಸ್ಟರ್ ಸಮತೋಲನ, ನನ್ನ ಅನುಭವ

ನಮ್ಮ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಸಮತೋಲನ ಸ್ಥಿರಾಂಕ Kಯನ್ನು ಅಳೆದು ತೋರಿಸುತ್ತೇನೆ ಎಂದಾಗ ಸಹೋದ್ಯೋಗಿಯೊಬ್ಬರು, "ಸರ್, ಅದು ಬೋರ್ಡಿನ ಮೇಲೆ ಮಾತ್ರ 4 ಬರೋದು" ಎಂದಿದ್ದರು. ಮೂರು ವರ್ಷ ಹಿಡಿಯಿತು. ಕಳೆದ ಬ್ಯಾಚಿನ ಸೀಸೆಗಳು 4ರ ಆಸುಪಾಸಿನಲ್ಲೇ ನಿಂತವು.

ಅಸಿಟಿಕ್ ಆಮ್ಲ, ಎಥನಾಲ್ ಒಂದು ಕಡೆ. ಈಥೈಲ್ ಅಸಿಟೇಟ್ ಎಂಬ ಎಸ್ಟರ್, ನೀರು ಇನ್ನೊಂದು ಕಡೆ. 1862ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞರಾದ ಬರ್ತಲೋ ಮತ್ತು ಪೆಯಾನ್ ದ ಸೇಂಟ್ ಜೀಲ್ ಇದೇ ಬಗೆಯ ಕ್ರಿಯೆಗಳನ್ನು ಹಿಡಿದು ಕೂತಿದ್ದರು. ನಾನು ಎಸ್ಟರ್ ಕಡೆಯಿಂದ ಹೊರಟೆ. ಕಾರಣ ಸರಳ: ಶುದ್ಧ ಎಥನಾಲ್ ತರಿಸಬೇಕೆಂದರೆ ಅಬಕಾರಿ ಪರವಾನಗಿ ಬೇಕು, ಈಥೈಲ್ ಅಸಿಟೇಟ್‌ಗೆ ಆ ತಾಪತ್ರಯವಿಲ್ಲ. ಅರ್ಧ ಲೀಟರಿಗೆ ನಾಲ್ಕೈದು ನೂರು ಕೊಟ್ಟ ನೆನಪು, ಕೈಯಿಂದಲೇ.

ಮೊದಲ ವರ್ಷ ಬೆಳಿಗ್ಗೆ ಬೆರೆಸಿ ಸಂಜೆಗೇ ಟೈಟ್ರೇಟ್ ಮಾಡಿದೆ. K ಏಳರ ಹತ್ತಿರ ಬಂತು. ಎರಡನೇ ವರ್ಷ ಒಂದು ವಾರ ಕಾದೆ, ಆದರೂ 5ರ ಮೇಲೆ. ಕಾಯದಿದ್ದರೂ ಸೀಸೆ ಸೋರಿದರೂ ಆಮ್ಲ ಕಡಿಮೆ ಸಿಗುತ್ತದೆ, K ಏರುತ್ತದೆ. ಯಾವುದೆಂದು ತಿಳಿಯಲು ಸೀಸೆಯನ್ನು ಮುಚ್ಚಿದ ದಿನ ಒಮ್ಮೆ, ತೆರೆಯುವ ಮುನ್ನ ಒಮ್ಮೆ ತೂಗಬೇಕು. ನನ್ನ ರಬ್ಬರ್ ಬಿರಡೆಯ ಸೀಸೆಗಳು ತೂಕ ಕಳೆದುಕೊಂಡಿದ್ದವು. ಇಪ್ಪತ್ತು ಸೀಸೆಯ ದ್ರಾವಣ ಚರಂಡಿಗೆ ಹೋಯಿತು. ಈಗ ಮುಚ್ಚಳವನ್ನು ಹೇಗೆ ಬಿಗಿಮಾಡುತ್ತೇನೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೂರನೇ ತಪ್ಪು ಲೆಕ್ಕದಲ್ಲಿತ್ತು. ವೇಗವರ್ಧಕವಾಗಿ 3 M ಹೈಡ್ರೋಕ್ಲೋರಿಕ್ ಆಮ್ಲ 5 ಮಿ.ಲೀ. ಹಾಕುತ್ತೇವಲ್ಲ, ಅದನ್ನು 5 ಗ್ರಾಂ ನೀರು ಎಂದು ಹಿಡಿದಿದ್ದೆ. ತೂಗಿದಾಗ 5.23 ಗ್ರಾಂ ಬಂತು. ಅದರಲ್ಲಿ ಸುಮಾರು 0.55 ಗ್ರಾಂ HCl, ಉಳಿದ 4.68 ಗ್ರಾಂ ನೀರು, ಅಂದರೆ 0.260 ಮೋಲ್. ಇಷ್ಟು ಸಣ್ಣ ತಪ್ಪಿಗೇ K 4.1ರ ಬದಲು 4.4 ಆಗುತ್ತಿತ್ತು.

ಒಂದು ಸೀಸೆಯ ಲೆಕ್ಕ ನೋಡಿ. ಎಸ್ಟರ್ 5 ಮಿ.ಲೀ., ಸುಮಾರು 4.5 ಗ್ರಾಂ, 0.051 ಮೋಲ್. ಎಸ್ಟರಿಲ್ಲದ, ಬರೀ ಹೈಡ್ರೋಕ್ಲೋರಿಕ್ ಆಮ್ಲದ ಬ್ಲ್ಯಾಂಕ್‌ಗೆ 1 M NaOH 15.1 ಮಿ.ಲೀ. ಬೇಕಾಯಿತು. ವಾರದ ನಂತರ ಸೀಸೆಗೆ 47.4 ಮಿ.ಲೀ. ವ್ಯತ್ಯಾಸ 32.3 ಮಿ.ಲೀ., ಅಂದರೆ ಹುಟ್ಟಿದ ಅಸಿಟಿಕ್ ಆಮ್ಲ 0.0323 ಮೋಲ್. ಎಥನಾಲೂ ಅಷ್ಟೇ. ಎಸ್ಟರ್ ಮತ್ತು ನೀರು ತಲಾ ಅಷ್ಟು ಕಳೆದಿವೆ. ಎರಡೂ ಕಡೆ ಎರಡೆರಡು ಮೋಲ್ ಇರುವುದರಿಂದ ಗಾತ್ರ ರದ್ದಾಗುತ್ತದೆ. ಎಸ್ಟರ್ ಮತ್ತು ನೀರಿನ ಮೋಲ್‌ಗಳ ಗುಣಲಬ್ಧವನ್ನು ಅಸಿಟಿಕ್ ಆಮ್ಲ ಮತ್ತು ಎಥನಾಲಿನ ಗುಣಲಬ್ಧದಿಂದ ಭಾಗಿಸಿದರೆ:

```
K = (0.0187 × 0.2277) / (0.0323)² ≈ 4.1
```

ಟೈಟ್ರೇಷನ್ನಿನಲ್ಲಿ ಒಂದು ಎಚ್ಚರ. ಫಿನಾಲ್ಫ್ಥಲೀನ್‌ನ ಗುಲಾಬಿ ಬಣ್ಣ ನಿಧಾನವಾಗಿ ಮಾಸುತ್ತದೆ, ಉಳಿದ ಎಸ್ಟರನ್ನು ಕ್ಷಾರ ತಿನ್ನುತ್ತಿರುತ್ತದೆ. ಅದರ ಹಿಂದೆ ಓಡುತ್ತಾ ಹನಿ ಹಾಕಿದರೆ ಬ್ಯೂರೆಟ್ ಮುಗಿದೀತು. ಅರ್ಧ ನಿಮಿಷ ನಿಂತ ಮೊದಲ ಗುಲಾಬಿಯೇ ಕೊನೆ.

ಇನ್ನೊಂದು ಸೀಸೆಗೆ ಎಸ್ಟರ್ 4 ಮಿ.ಲೀ. ಮಾಡಿ, 1 ಮಿ.ಲೀ. ನೀರು ಸೇರಿಸಿದೆ. ಮೊದಲನೆಯದರಲ್ಲಿ ಎಸ್ಟರಿನ 63% ಒಡೆದಿತ್ತು, ಇದರಲ್ಲಿ 71%. ಸಮತೋಲನ ಜರುಗಿದೆ, K ಮಾತ್ರ ಮತ್ತೆ 4ರ ಪಕ್ಕದಲ್ಲೇ. ಹುಡುಗರಿಗೆ ಸಾಂದ್ರತೆ ಬೇರೆ, K ಬೇರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ತಾಪ ಹಾಕಿ ನೋಡೋಣವೆಂದು ಒಂದು ಸೀಸೆಯನ್ನು 50 ಡಿಗ್ರಿಯ ನೀರಿನಲ್ಲಿ ಇಟ್ಟೆ. ಬೇಗ ಮುಟ್ಟಿತು, ಆದರೆ K ಹೆಚ್ಚೇನೂ ಕದಲಲಿಲ್ಲ. ಈ ಕ್ರಿಯೆಯ ಉಷ್ಣ ಸೊನ್ನೆಯ ಹತ್ತಿರ, ಕದಲುವುದಾದರೂ ಹೇಗೆ? ಒತ್ತಡಕ್ಕೆ ದ್ರವ ಸ್ಪಂದಿಸುವುದಿಲ್ಲ. ಹಾಗಾಗಿ ಫ್ಯೂಮ್ ಹುಡ್‌ನಲ್ಲಿ ತಾಮ್ರಕ್ಕೆ ಸಾಂದ್ರ ನೈಟ್ರಿಕ್ ಆಮ್ಲ ಹಾಕಿ, ಕಂದು ಅನಿಲವನ್ನು ಗಾಜಿನ ಸಿರಿಂಜಿಗೆ ತುಂಬಿದೆ. ರಬ್ಬರ್ ತುದಿಯ ಸಿರಿಂಜು ಬೇಡ, ಅನಿಲ ಅದನ್ನು ಕೆಡಿಸುತ್ತದೆ. ಬಿಸಿನೀರಲ್ಲಿ ಬಣ್ಣ ಗಾಢ, ಮಂಜಿನಲ್ಲಿ ತಿಳಿ: ಎರಡು NO₂ ಸೇರಿ N₂O₄ ಆಗುವಾಗ ಶಾಖ ಹೊರಬೀಳುತ್ತದೆ.

ಒತ್ತಿದಾಗ ತಮಾಷೆ ನೋಡಬೇಕು. ಪಕ್ಕದಿಂದ ನೋಡಿದರೆ ತಕ್ಷಣ ಬಣ್ಣ ಕಪ್ಪೇರಿ, ಸ್ವಲ್ಪ ಇಳಿಯುತ್ತದೆ, ಆದರೂ ಮೊದಲಿಗಿಂತ ಗಾಢವಾಗಿಯೇ ಉಳಿಯುತ್ತದೆ. "ಸರ್, ತಿಳಿಯಾಗಬೇಕಿತ್ತಲ್ಲ?" ಎಂದು ಹುಡುಗಿಯೊಬ್ಬಳು ಕೇಳಿದಳು. ಸಿರಿಂಜಿನ ಉದ್ದಕ್ಕೆ ನೋಡಲು ಹೇಳಿದೆ. ಆ ದಿಕ್ಕಿನಲ್ಲಿ ಕಣ್ಣಿಗೆ ಸಿಗುವುದು ಒಟ್ಟು NO₂ ಅಣುಗಳ ಸಂಖ್ಯೆ. ಅದು ಇಳಿದಿರುವುದರಿಂದ ಅಲ್ಲಿ ಬಣ್ಣ ನಿಜವಾಗಿಯೂ ತಿಳಿಯಾಗಿತ್ತು. ಹಿಂದೆ ಬಿಳಿ ಕಾಗದ ಹಿಡಿದರೆ ಸಾಕು, ಕೊನೆಯ ಬೆಂಚಿನವರಿಗೂ ಕಾಣುತ್ತದೆ.