ಬಿಟ್ಟು ಬಂದ ಮನೆಗೇ ಬಾಣ

ಅಮೆಜಾನ್ಸ್ ಆಟ ಆಡುವಾಗ ನಾನು ತುಂಬಾ ದಿನ ಒಂದೇ ತಪ್ಪು ಮಾಡುತ್ತಿದ್ದೆ. ಕಾಯಿ ಎಲ್ಲಿಗೆ ಹೋಗಬೇಕು ಅಂತ ಐದು ನಿಮಿಷ ಯೋಚಿಸುತ್ತಿದ್ದೆ, ಬಾಣವನ್ನು ಮಾತ್ರ ಐದು ಸೆಕೆಂಡಿನಲ್ಲಿ ಹೊಡೆದುಬಿಡುತ್ತಿದ್ದೆ. ಹೆಚ್ಚಾಗಿ ಎದುರಾಳಿ ಕಾಯಿಯ ಮೂಗಿನ ಮುಂದಕ್ಕೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1988ರಲ್ಲಿ ಅರ್ಜೆಂಟೀನಾದ ವಾಲ್ಟರ್ ಜಾಮ್ಕೌಸ್ಕಾಸ್ ಕಟ್ಟಿದ ಆಟ ಇದು. 10×10 ಬೋರ್ಡು, ಒಬ್ಬೊಬ್ಬರಿಗೆ ನಾಲ್ಕು ಅಮೆಜಾನ್‌ಗಳು. ಅಮೆಜಾನ್ ಚೆಸ್‌ನ ರಾಣಿಯ ಹಾಗೆ ನೇರವಾಗಿ ಇಲ್ಲವೇ ಓರೆಯಾಗಿ ಎಷ್ಟು ಮನೆ ಬೇಕಾದರೂ ನಡೆಯುತ್ತಾಳೆ. ನಡೆದು ಹೋಗಿ ನಿಂತ ಜಾಗದಿಂದ ರಾಣಿಯ ಹಾಗೆಯೇ ಒಂದು ಬಾಣವನ್ನೂ ಹೊಡೆಯಬೇಕು. ಬಾಣ ಬಿದ್ದ ಮನೆ ಆಟ ಮುಗಿಯುವವರೆಗೂ ಬಂದ್. ನಡೆಯಲು ಜಾಗ ಸಿಗದವರು ಸೋತರು. ಮನೆಗಳ ಹೆಸರು ಚೆಸ್‌ನ ಹಾಗೆಯೇ, ಎಡದಿಂದ a, b, c, ಕೆಳಗಿನಿಂದ 1, 2, 3. ನಮ್ಮ ಮನೆಯಲ್ಲಿ ಬಾಣ ಅಂದರೆ ಹುಣಸೆ ಬೀಜ.

ನನ್ನ ಕಣ್ಣು ತೆರೆಸಿದ್ದು ತಂಗಿಯ ಜೊತೆ ಸೋತ ಒಂದು ಆಟ. ಎಡಗಡೆ ಕೆಳಗಿನ ಮೂಲೆಯಲ್ಲಿ a1ರಿಂದ c3ರವರೆಗೆ ಒಂಬತ್ತು ಮನೆ ಖಾಲಿ ಇದ್ದವು. ಸುತ್ತ a4, b4, c4, d4, d3, d1 ಎಲ್ಲ ಕಡೆ ಬೀಜ ಬಿದ್ದಿತ್ತು. ಉಳಿದ ಬಾಗಿಲು d2 ಒಂದೇ. ನನ್ನ ಅಮೆಜಾನ್ f4ನಲ್ಲಿ, ತಂಗಿಯವಳು h2ನಲ್ಲಿ. ಎರಡನೇ ಸಾಲು ಖಾಲಿ ಇದ್ದುದರಿಂದ ಅವಳೂ ನೇರ ಒಳಗೆ ನುಗ್ಗಬಹುದಿತ್ತು. ಸರದಿ ನನ್ನದು.

ನಾನು ಆತುರದಲ್ಲಿ ಓರೆಯಾಗಿ c1ಗೆ ಓಡಿದೆ, ಹಿಂದಕ್ಕೆ ತಿರುಗಿ d2ಗೆ ಬಾಣ ಹೊಡೆದೆ. ಬಾಗಿಲು ಹಾಕಿಯಾಯಿತು, ಒಳಗೆ ಎಂಟು ಖಾಲಿ ಮನೆ ಅಂದರೆ ನನಗೆ ಎಂಟು ನಡೆ ಗ್ಯಾರಂಟಿ. ಖುಷಿಯಾಗಿಯೇ ಇದ್ದೆ. ಆದರೆ ನಾನು ಬಿಟ್ಟು ಬಂದ f4 ಖಾಲಿಯಾಗಿತ್ತಲ್ಲ! ಅಷ್ಟು ಹೊತ್ತು ನನ್ನ ಅಮೆಜಾನ್ ಅಲ್ಲಿ ನಿಂತು ಅವಳ ಓರೆ ದಾರಿಯನ್ನು ತಡೆದಿದ್ದಳು. ತಂಗಿ h2ರಿಂದ g3, f4 ದಾಟಿ ಸೀದಾ e5ಗೆ ಹೋದಳು. ನನ್ನದು ಅಂದುಕೊಂಡಿದ್ದ ಮೇಲಿನ ಬಯಲು ಅರ್ಧಕ್ಕರ್ಧ ಹೋಯಿತು.

ಸೋತ ಮೇಲೆ ತಂಗಿಯೇ ಕಾಯಿಗಳನ್ನು ಹಿಂದಕ್ಕಿಟ್ಟು ತೋರಿಸಿದಳು. "ಅಣ್ಣ, ನೀನು ಬಾಗಿಲಲ್ಲೇ ನಿಂತಿದ್ರೆ ಆಗ್ತಿತ್ತಲ್ವಾ?"

ಅವಳು ಹೇಳಿದ ನಡೆ f4-d2, ಬಾಣ ಮತ್ತೆ f4ಗೆ. d2ನಲ್ಲಿ ಅಮೆಜಾನ್ ನಿಂತರೆ ಅವಳ ಮೈಯೇ ಬಾಗಿಲು. ಒಳಗೆ ಕಾಯಿಯೂ ಬರಲ್ಲ, ಬಾಣವೂ ಬರಲ್ಲ. ಹಾಗಾಗಿ ಬಾಣ ಬೇರೆ ಕೆಲಸಕ್ಕೆ ಉಳಿಯುತ್ತದೆ. d2ರಿಂದ e3 ದಾಟಿ f4ಗೆ ದಾರಿ ಇದ್ದೇ ಇದೆ, ಈಗ ತಾನೇ ಬಂದ ದಾರಿ ಅದು. ಅಲ್ಲಿಗೆ ಬಾಣ ಬಿದ್ದರೆ ತಂಗಿಯ ಓರೆ ದಾರಿ ಮುಂಚಿನಂತೆಯೇ ಬಂದ್.

ನಡೆಗಳ ಲೆಕ್ಕದಲ್ಲೂ ಲಾಭವೇ. ಮುಂದೆ ಯಾವಾಗಲೋ c1ಗೆ ಇಳಿದು d2ಗೆ ಬಾಣ ಹೊಡೆದರೆ ಅದು ಒಂದು ನಡೆ, ಆಮೇಲೆ ಒಳಗಿನ ಎಂಟು. ಒಟ್ಟು ಒಂಬತ್ತು. ನಾನು ಓಡಿಹೋಗಿ ಒಂದು ನಡೆಯನ್ನೂ ಕಳೆದುಕೊಂಡಿದ್ದೆ.

ಅಂದಿನಿಂದ ಬಾಣ ಹೊಡೆಯುವ ಮುಂಚೆ ಎರಡು ವಿಷಯ ನೋಡುತ್ತೇನೆ. ಈ ಕಾಯಿ ಎದ್ದುಬಂದ ಮನೆ ಯಾರಿಗೆ ದಾರಿ ಕೊಟ್ಟಿತು? ಬಾಣ ಮಾಡಬೇಕಾದ ಕೆಲಸವನ್ನು ಕಾಯಿಯೇ ನಿಂತು ಮಾಡಬಹುದಾ? ಮೂಗಿನ ಮುಂದೆ ಬಾಣ ಹೊಡೆಯುವುದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಎದುರಾಳಿಗೆ ಒಂದೆರಡು ದಿಕ್ಕು ಮಾತ್ರ ಉಳಿದಿದ್ದಾಗ ಅಷ್ಟೇ. ಎಂಟು ದಿಕ್ಕೂ ತೆರೆದಿರುವವಳ ಒಂದು ದಿಕ್ಕು ಮುಚ್ಚಿ ಏನು ಬಂತು?

ಕೊನೆಯಲ್ಲಿ ಅವರವರ ಜಾಗ ಬೇರೆಯಾದ ಮೇಲೂ ಬಾಣ ಮೋಸ ಮಾಡುತ್ತದೆ. a1, b1, c1 ಮೂರೇ ಮನೆ, ಅಮೆಜಾನ್ ನಡುವೆ b1ನಲ್ಲಿ ಅಂದುಕೊಳ್ಳಿ. ಸುಮ್ನೆ a1ಗೆ ಹೋಗಿ b1ಗೆ ಹೊಡೆದರೆ c1 ವ್ಯರ್ಥ, ಒಂದೇ ನಡೆ. ಅದರ ಬದಲು a1ಗೆ ಹೋಗಿ, ಬಿಟ್ಟು ಬಂದ b1ನ ಮೇಲಿಂದ c1ಗೆ ಹೊಡೆಯಿರಿ. ಆಗ b1 ಉಳಿಯುತ್ತದೆ. ಮುಂದಿನ ಸಲ b1ಗೆ ಬಂದು a1ಗೆ ಬಾಣ. ಎರಡು ನಡೆ ಆಯಿತು.

ಎಲ್ಲ ಕಡೆ ಈ ಉಪಾಯ ನಡೆಯಲ್ಲ. ಅಮೆಜಾನ್ b1ನಲ್ಲಿದ್ದು ಖಾಲಿ ಮನೆಗಳು ಓರೆಯಾಗಿ a2, c2 ಆಗಿದ್ದರೆ, ನಡುವಿನ b2ನಲ್ಲಿ ಬೀಜ ಇದ್ದರೆ, a2ಗೆ ಹೋದವಳಿಗೆ b1 ಬಿಟ್ಟು ಬೇರೆ ಗುರಿಯೇ ಕಾಣುವುದಿಲ್ಲ. ಖಾಲಿ ಮನೆ ಎರಡು, ನಡೆ ಒಂದೇ. ಇಂಥ ಜಾಗ ನನ್ನ ಪಾಲಿಗೆ ಬರುತ್ತಿದೆ ಅನ್ನಿಸಿದರೆ ಮುಂಚೆಯೇ ಅದರ ಲೆಕ್ಕ ಬಿಟ್ಟುಬಿಡುತ್ತೇನೆ. ತಂಗಿಯ ಪಾಲಿಗೆ ಬರುತ್ತಿದ್ದರೆ ಮಾತ್ರ b2ಗೆ ಬೀಜ ಇಡಲು ಕೈ ತಡೆಯುವುದಿಲ್ಲ.