ಸ್ವಾಟ್ ಪಟ್ಟಿಗೆ ರೊಕ್ಕದ ಲೆಕ್ಕ ಹಚ್ಚುವುದು ಹೇಗೆ?

ಬೆಳಗಾವಿಯ ಆಟೋನಗರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ನಾಲ್ಕು ಬಣ್ಣದ ಚೌಕಗಳ ಸ್ವಾಟ್ ಹಾಳೆಯೊಂದು ಅಂಟಿಕೊಂಡಿತ್ತು. ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಲ್ಲ ಸೇರಿ 23 ಸಾಲು. ಎರಡು ವರ್ಷದ ಹಿಂದೆ ಯಾವುದೋ ತರಬೇತಿಯಲ್ಲಿ ಅರ್ಧ ದಿನ ಕೂತು ಬರೆದದ್ದಂತೆ. ‘ಇದರಾಗ ಯಾವ್ಯಾವುದು ಮಾಡಿದ್ರಿ?’ ಅಂತ ಕೇಳಿದೆ. ಮಾಲೀಕರು ನಕ್ಕರು. ‘ಎಲ್ಲಾನೂ ಮಾಡಬೇಕಂತ ಅದ ನೋಡ್ರಿ ಸರ, ಅದಕ್ಕ ಒಂದೂ ಆಗಿಲ್ಲ.’

ಟ್ರಾನ್ಸ್‌ಪೋರ್ಟ್‌ನವರ ಲೆಕ್ಕಪುಸ್ತಕ ನೋಡುವುದೇ ನನ್ನ ಕೆಲಸವಾದ್ದರಿಂದ ಇಂಥ ಹಾಳೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಪಟ್ಟಿ ಮಾಡುವುದರಲ್ಲಿ ಯಾರೂ ಎಡವುವುದಿಲ್ಲ. ಅದಕ್ಕೆ ಬೆಲೆ ಹಚ್ಚುವಾಗ ಎಡವುತ್ತಾರೆ. ಹಾಗಾಗಿ ಇಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ.

ಆ ಕಂಪನಿಯನ್ನೇ ಉದಾಹರಣೆಗೆ ಹಿಡಿಯೋಣ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಹತ್ತು ಟನ್ ಹಾಕುವ ಆರು ಗಾಡಿ. ಉದ್ಯಮಬಾಗದ ಫೌಂಡ್ರಿಗಳಿಂದ ಪುಣೆಯ ಆಚೆಯ ಚಾಕಣದ ಕಡೆಗೆ ಕಾಸ್ಟಿಂಗ್ ಸಾಗಣೆ. ತಿಂಗಳಿಗೆ 42 ಟ್ರಿಪ್, ಒಂದಕ್ಕೆ ₹21,000 ಬಾಡಿಗೆ.

ಮೊದಲು ಸಾಲುಗಳನ್ನು ಸೋಸಿ

ಎಷ್ಟು ಸಲ, ಎಷ್ಟು ದಿನ, ಎಷ್ಟು ರೂಪಾಯಿ ಎಂದು ಕೇಳಿದರೆ ಉತ್ತರ ಬಾರದ ಸಾಲನ್ನು ಹೊಡೆದು ಹಾಕಿ. ‘ಸ್ಪರ್ಧೆ ಹೆಚ್ಚಿದೆ’, ‘ಟೀಮ್ ಒಳ್ಳೆಯದಿದೆ’ ಇಂಥವು ಇಲ್ಲೇ ಹೋಗುತ್ತವೆ. ಒಂದೇ ಕಾರಣದ ಸಾಲುಗಳನ್ನು ಒಟ್ಟುಗೂಡಿಸಿ. 23 ಇದ್ದದ್ದು ಒಂದು ತಾಸಿನಲ್ಲಿ ಆರಕ್ಕೆ ಇಳಿಯಿತು. ಈ ಲೇಖನಕ್ಕೆ ಅದರಲ್ಲಿ ನಾಲ್ಕು ಸಾಕು: ಗಾಡಿ ಖಾಲಿ ಬರುವುದು, ಬಿಲ್ ರೊಕ್ಕ ತಡವಾಗುವುದು, ಡೀಸೆಲ್ ದರ ಏರುವುದು, ದ್ರಾಕ್ಷಿ ಸಾಗಿಸಲು ಶೀತಲ ಗಾಡಿ ಕೊಳ್ಳುವುದು.

ಬಲದ ಚೌಕಕ್ಕೆ ಬೆಲೆ ಹಚ್ಚಲು ಹೋಗಬೇಡಿ. ಬಲ ಮಾಡುವ ಕೆಲಸವಲ್ಲ, ಕೆಲಸ ಮಾಡಿಸುವ ಸಲಕರಣೆ. ಅದನ್ನು ಪಕ್ಕಕ್ಕಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತು. ಪ್ರತಿ ಸಾಲಿಗೆ ಒಂದರಿಂದ ಐದು ಅಂಕ ಕೊಟ್ಟು, ಗುಣಿಸಿ, ಕೂಡಿಸಿ ಸ್ಥಾನ ಕೊಡುವ ರೆಡಿಮೇಡ್ ಹಾಳೆಗಳು ಸಿಗುತ್ತವೆ. ಮುಟ್ಟಬೇಡಿ. ಮಾಲೀಕರಿಗೆ ಯಾವುದರ ಮೇಲೆ ಮನಸ್ಸಿದೆಯೋ ಅದಕ್ಕೆ ಐದು ಬೀಳುತ್ತದೆ, ಆಮೇಲೆ ಅದು ಗಣಿತದ ವೇಷ ಹಾಕಿಕೊಂಡು ಮೇಲೆ ಬಂದು ಕೂಡುತ್ತದೆ. ನಮ್ಮ ಈ ಕಂಪನಿಯಲ್ಲಿ ಹಾಗೆ ಮೊದಲ ಸ್ಥಾನ ಗಿಟ್ಟಿಸಿದ್ದು ಶೀತಲ ಗಾಡಿ.

ಬೆಲೆ ಹಚ್ಚುವ ಹಂತ

ಟ್ರಿಪ್ ಶೀಟು, ಡೀಸೆಲ್ ಬಿಲ್ಲು, ಫಾಸ್ಟ್ಯಾಗ್ ಸ್ಟೇಟ್‌ಮೆಂಟು, ಈ ಮೂರನ್ನು ಮೂರು ತಿಂಗಳದ್ದು ಮುಂದಿಟ್ಟುಕೊಳ್ಳಿ. ನೆನಪಿನಿಂದ ಅಂಕಿ ಹೇಳಿದರೆ ಒಪ್ಪಬೇಡಿ. ‘ಗಾಡಿ ಯಾವಾಗರೆ ಒಮ್ಮೆ ಖಾಲಿ ಬರತಾವ್ರಿ’ ಎಂದಿದ್ದರು ಮಾಲೀಕರು. ಶೀಟು ನೋಡಿದರೆ 42ರಲ್ಲಿ 17.

ಇದರ ನಷ್ಟ ಎಷ್ಟು? ಅವರ ಲೆಕ್ಕ ಹೀಗಿತ್ತು: ಬರುವ ದಾರಿ 350 ಕಿ.ಮೀ., ಖಾಲಿ ಗಾಡಿಗೆ ಲೀಟರಿಗೆ 5.5 ಕಿ.ಮೀ., ಅಂದರೆ 64 ಲೀಟರ್. ಡೀಸೆಲ್ ₹90 ಹಿಡಿದರೆ ₹5,760. ಹದಿನೇಳು ಸಲಕ್ಕೆ ಹತ್ತಿರ ₹98,000 ಹಾಳು.

ಎಲ್ಲರೂ ತಪ್ಪುವುದು ಇಲ್ಲಿಯೇ. ಲೋಡ್ ಸಿಕ್ಕಿದ್ದರೂ ಗಾಡಿ ಬೆಳಗಾವಿಗೆ ಬರಲೇಬೇಕಿತ್ತು, ಆ ಡೀಸೆಲ್ ಸುಡಲೇಬೇಕಿತ್ತು. ಅದು ಖಾಲಿ ಬಂದದ್ದರ ನಷ್ಟ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ದೋಷ ಸರಿಯಾದರೆ ಕೈಗೆ ಎಷ್ಟು ಹೆಚ್ಚು ಬರುತ್ತದೆ, ಕೈಯಿಂದ ಎಷ್ಟು ಹೆಚ್ಚು ಹೋಗುತ್ತದೆ?

ರಿಟರ್ನ್ ಲೋಡಿಗೆ ₹11,000 ಬಾಡಿಗೆ ಸಿಗುತ್ತದೆ ಅನ್ನಿ. ಅದರಲ್ಲಿ ದಲಾಲಿ ₹700, ಹಮಾಲಿ ₹600. ಲೋಡಿನ ಗಾಡಿ ಲೀಟರಿಗೆ 4.5 ಕಿ.ಮೀ. ಮಾತ್ರ ಓಡುವುದರಿಂದ ಹೆಚ್ಚಿಗೆ 14 ಲೀಟರ್, ಅಂದರೆ ₹1,260. ಇಷ್ಟನ್ನು ಹೆಚ್ಚಿನವರು ಹಿಡಿಯುತ್ತಾರೆ. ಹಿಡಿಯದೆ ಬಿಡುವುದು ಕಾಯುವ ದಿನವನ್ನು. ಲೋಡಿಗಾಗಿ ಪುಣೆಯಲ್ಲಿ ಒಂದು ದಿನ ನಿಂತರೆ ಡ್ರೈವರ್ ಭತ್ತೆ ₹500, ಜತೆಗೆ ಗಾಡಿಯ ಒಂದು ದಿನದ ದುಡಿಮೆ. ಎಲ್ಲ ಓಡಾಟದ ಖರ್ಚು ಕಳೆದು ಒಂದು ಗಾಡಿ ದಿನಕ್ಕೆ ಉಳಿಸುವುದು ಇವರಲ್ಲಿ ಸುಮಾರು ₹2,000. ಒಟ್ಟು ₹2,500.

ಎಲ್ಲ ಕಳೆದರೆ ಉಳಿದದ್ದು ₹5,940. ಎರಡು ದಿನ ಕಾಯ್ದರೆ ₹3,440. ಮೂರು ದಿನ ಕಾಯ್ದರೆ ₹940. ನಾಲ್ಕನೇ ದಿನಕ್ಕೆ, ಲೋಡ್ ಹಾಕಿಕೊಂಡು ಬಂದ ಗಾಡಿ ಖಾಲಿ ಬಂದ ಗಾಡಿಗಿಂತ ಹೆಚ್ಚು ನಷ್ಟ ತರುತ್ತದೆ. ಈ ನಾಲ್ಕು ಅಂಕಿ ನೋಡಿ ಮಾಲೀಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಖಾಲಿ ಬರಬ್ಯಾಡ್ರಿ ಅಂತ ಡ್ರೈವರ್‌ಗಳಿಗೆ ತಾಕೀತು ಮಾಡಿದ್ದವರು ಅವರೇ, ಒಂದು ಗಾಡಿ ಅದಕ್ಕಾಗಿ ಐದು ದಿನ ನಿಂತದ್ದೂ ಶೀಟಿನಲ್ಲಿತ್ತು.

ಆದರೆ ಕಾಯುವ ದಿನಕ್ಕೆ ₹2,000 ಹಿಡಿಯುವುದು ಬೆಳಗಾವಿಯಲ್ಲಿ ಆ ಗಾಡಿಗಾಗಿ ಲೋಡ್ ಕಾದು ಕೂತಿದ್ದರೆ ಮಾತ್ರ. ಫೌಂಡ್ರಿಗಳ ಕೆಲಸ ಮಂದವಾದ ತಿಂಗಳಲ್ಲಿ ಬೇಗ ಬಂದ ಗಾಡಿಯೂ ಆಟೋನಗರದಲ್ಲೇ ನಿಲ್ಲುತ್ತದೆ. ಆಗ ಕಾಯುವ ದಿನದ ಬೆಲೆ ಬರೀ ಭತ್ತೆ. ಆ ತಿಂಗಳು ಬೇಕಾದರೆ ಮೂರು ದಿನ ಕಾಯಲಿ.

ಇನ್ನು 17ನ್ನೂ ತುಂಬಿಸುತ್ತೇವೆ ಎಂದು ಬರೆದುಕೊಳ್ಳಬೇಡಿ. ನಾನು ಅರ್ಧಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಎಂಟು ಟ್ರಿಪ್ ಎಂದರೆ ತಿಂಗಳಿಗೆ ₹47,520. ಲೋಡ್ ಹೊಂದಿಸಲು ಓಡಾಟ, ಅರೆಕಾಲಿಕ ಹುಡುಗ ಎಲ್ಲ ಸೇರಿ ₹10,000 ಖರ್ಚು. ವರ್ಷಕ್ಕೆ ಉಳಿಯುವುದು ಸುಮಾರು ₹4.5 ಲಕ್ಷ.

ಪಕ್ಕಕ್ಕಿಟ್ಟ ಬಲ ಈಗ ಬೇಕು. ‘ಇಪ್ಪತ್ತು ವರ್ಷದ ಗಿರಾಕಿಗಳು’ ಎಂದು ಬರೆದಿದ್ದರಲ್ಲ, ಆ ಫೌಂಡ್ರಿಗಳೇ ಸ್ಕ್ರ್ಯಾಪು, ಪಿಗ್ ಐರನ್, ರೆಸಿನ್ ತರಿಸುವವರು. ಅದರಲ್ಲಿ ಪುಣೆ ಕಡೆಯಿಂದ ಬರುವ ಮಾಲು ಯಾವುದು, ಯಾರ ಗಾಡಿಯಲ್ಲಿ ಬರುತ್ತದೆ ಎಂದು ಇವರು ಒಮ್ಮೆಯೂ ಕೇಳಿರಲಿಲ್ಲ. ಲೋಡ್ ಹುಡುಕಿ ಕೊಡುವ ಆ್ಯಪ್‌ಗೆ ಮಾತ್ರ ವರ್ಷದ ಚಂದಾ ಕಟ್ಟಿದ್ದರು.

ರೊಕ್ಕ ತಡವಾಗುವುದಕ್ಕೂ ಇದೇ ಕ್ರಮ

ಗಿರಾಕಿಗಳು ಒಪ್ಪಿದ್ದು 30 ದಿನ, ಬರುತ್ತಿದ್ದದ್ದು 75ನೇ ದಿನಕ್ಕೆ. ತಿಂಗಳ ಬಿಲ್ಲು ₹8.82 ಲಕ್ಷ, ಹಾಗಾಗಿ 45 ದಿನಕ್ಕೆ ₹13.23 ಲಕ್ಷ ಹೊರಗೆ ಸಿಕ್ಕಿಬಿದ್ದಿದೆ. ಅಷ್ಟನ್ನೇ ಇವರು ನೂರಕ್ಕೆ ಒಂದೂವರೆ ಬಡ್ಡಿಗೆ ಎತ್ತಿ ನಡೆಸುತ್ತಿದ್ದರು. ವರ್ಷಕ್ಕೆ ₹2.38 ಲಕ್ಷ ಬಡ್ಡಿ.

ಇಲ್ಲಿ ಗಿರಾಕಿಯನ್ನು ಬೈಯುವ ಮೊದಲು 45 ದಿನವನ್ನು ಒಡೆದು ನೋಡಿ. ಮಾಲು ಇಳಿಸಿದಾಗ ಸಹಿ-ಶಿಕ್ಕೆ ಬಿದ್ದ ಲಾರಿ ರಸೀದಿ, ಅಂದರೆ ಎಲ್‌ಆರ್ ಕಾಪಿ, ಡ್ರೈವರ್ ಕ್ಯಾಬಿನ್ನಿನಲ್ಲಿ, ಸನ್ ವೈಸರ್ ಹಿಂದೆ ಸಿಕ್ಕಿಸಿಕೊಂಡು, ಇನ್ನೆರಡು ಟ್ರಿಪ್ ಮುಗಿಸಿ ಆಫೀಸಿಗೆ ಬರುತ್ತಿತ್ತು. ಅದು ಬಂದ ಮೇಲೆ ಬಿಲ್ಲು. ಮಾಲು ಇಳಿದದ್ದಕ್ಕೂ ಬಿಲ್ಲು ಹೋದದ್ದಕ್ಕೂ ನಡುವೆ ಸರಾಸರಿ 22 ದಿನ! ವಾಟ್ಸ್ಆ್ಯಪ್ ಫೋಟೊ ಈ ಗಿರಾಕಿಗಳಲ್ಲಿ ನಡೆಯುವುದಿಲ್ಲ, ಮೂಲ ಕಾಪಿಯೇ ಬೇಕು. ಆದ್ದರಿಂದ ಮೂರು ದಿನಕ್ಕೊಮ್ಮೆ ಎಲ್ಲ ಕಾಪಿ ಒಂದೇ ಲಕೋಟೆಯಲ್ಲಿ ಪುಣೆಯಿಂದ ಕೊರಿಯರ್. ವರ್ಷಕ್ಕೆ ₹12,000. 22 ದಿನ ನಾಲ್ಕಕ್ಕೆ ಇಳಿದರೆ ₹5.29 ಲಕ್ಷ ಬಿಡುಗಡೆಯಾಗುತ್ತದೆ, ಬಡ್ಡಿ ₹95,000 ಉಳಿಯುತ್ತದೆ.

ಉಳಿದ 23 ದಿನ ಗಿರಾಕಿಯ ಕೈಯಲ್ಲಿದೆ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗೆ 2006ರ ಎಂಎಸ್‌ಎಂಇಡಿ ಕಾಯ್ದೆಯಡಿ ಬರಹದ ಕರಾರು ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಹಳೆಯ ಗಿರಾಕಿಗೆ ಕಾಯ್ದೆಯ ಮಾತು ಬಾಯಲ್ಲಿ ಆಡುವುದಕ್ಕಿಂತ ಅದು ಮೇಲು. ಆದರೆ ಇದರಿಂದ ಬರುವ ಲಾಭವನ್ನು ಲೆಕ್ಕದಲ್ಲಿ ಸೊನ್ನೆ ಎಂದೇ ಇಡಿ.

ಡೀಸೆಲ್‌ಗೆ ಎರಡೇ ಸಾಲು ಸಾಕು. ತಿಂಗಳಿಗೆ ಸುಮಾರು 6,000 ಲೀಟರ್, ಒಂದು ರೂಪಾಯಿ ಏರಿದರೆ ₹6,000 ಹೊರೆ. ದರ ಏರುತ್ತದೋ ಇಲ್ಲವೋ ಎಂದು ಭವಿಷ್ಯ ಹೇಳುವ ಬದಲು, ಕರಾರು ನವೀಕರಿಸುವಾಗ ಡೀಸೆಲ್ ಏರಿಳಿತಕ್ಕೆ ತಕ್ಕಂತೆ ಬಾಡಿಗೆ ಬದಲಾಗುವ ಒಂದು ವಾಕ್ಯ ಸೇರಿಸಿ.

ಶೀತಲ ಗಾಡಿಗೆ ಬಂದರೆ, ₹30 ಲಕ್ಷದ ಗಾಡಿಗೆ ₹22.5 ಲಕ್ಷ ಸಾಲ, ಶೇ 10.5 ಬಡ್ಡಿ, ಐದು ವರ್ಷ ಎಂದರೆ ಕಂತು ತಿಂಗಳಿಗೆ ಸುಮಾರು ₹48,000. ಕಂತು ಹನ್ನೆರಡು ತಿಂಗಳು, ದ್ರಾಕ್ಷಿ ನಾಲ್ಕು ತಿಂಗಳು. ಅದರಲ್ಲೂ ವಿಜಯಪುರದ ಕಡೆಯ ದ್ರಾಕ್ಷಿ ಬಹಳಷ್ಟು ಒಣಗಿ ಮಣೂಕವಾಗುತ್ತದೆ, ಅದನ್ನು ಮಾಮೂಲಿ ಗಾಡಿಯೇ ಒಯ್ಯುತ್ತದೆ. ಆಸೆ ಬಿಡದಿದ್ದರೆ ಒಂದು ಸೀಜನ್ ಬಾಡಿಗೆಗೆ ತಂದು ಓಡಿಸಿ ನೋಡಿ.

ಕೊನೆಗೆ ಸಾಲು ಹಚ್ಚುವುದು

ಬರೀ ಲಾಭದ ಅಂಕಿ ನೋಡಿದರೆ ರಿಟರ್ನ್ ಲೋಡ್ ಮೊದಲು ಬರಬೇಕು. ನಾನು ಕೊರಿಯರನ್ನು ಮೊದಲಿಟ್ಟೆ. ಅದು ಬರುವ ಸೋಮವಾರವೇ ಶುರುವಾಗುತ್ತದೆ, ಯಾರ ಒಪ್ಪಿಗೆಯೂ ಬೇಡ, ಅದರಿಂದ ಬಿಡುಗಡೆಯಾದ ರೊಕ್ಕವೇ ಎರಡನೆಯದರ ಖರ್ಚಿಗೆ ಆಗುತ್ತದೆ. ಎರಡನೆಯದು ರಿಟರ್ನ್ ಲೋಡ್, ಎರಡು ದಿನದ ಮಿತಿಯೊಂದಿಗೆ. ಮೂರನೆಯದು ಡೀಸೆಲ್ ವಾಕ್ಯ, ಮಾರ್ಚ್‌ನಲ್ಲಿ ಕರಾರು ಮುಗಿದಾಗ. ಪ್ರತಿಯೊಂದರ ಮುಂದೆ ಮಾಡುವವರ ಹೆಸರು, ಖರ್ಚು, ತಾರೀಖು. ಶೀತಲ ಗಾಡಿ ಪಟ್ಟಿಯ ಹೊರಗೆ.

ಮೂರು ತಿಂಗಳ ಮೇಲೆ ಮತ್ತೆ ಶೀಟು ತೆಗೆದೆವು. ಬಿಲ್ಲು ಐದನೇ ದಿನಕ್ಕೆ ಹೋಗುತ್ತಿತ್ತು. ಖಾಲಿ ಟ್ರಿಪ್ ಮಾತ್ರ 9ಕ್ಕೆ ಇಳಿಯದೆ 11ಕ್ಕೆ ನಿಂತಿತ್ತು. ಎಂಟು ಎಂದು ಬರೆದದ್ದನ್ನು ಹೊಡೆದು ಆರು ಮಾಡಿ, ₹47,520 ಇದ್ದಲ್ಲಿ ₹35,640 ಬರೆದೆವು. ₹10,000 ಖರ್ಚು ಕಳೆದರೂ ಅದು ಎರಡನೇ ಸ್ಥಾನದಲ್ಲೇ ಉಳಿಯಿತು. ‘ಹಂಗಾರ ಥಂಡಿ ಗಾಡಿ ಯಾವಾಗ್ರಿ ಸರ?’ ಅಂದರು ಮಾಲೀಕರು. ಬಾಡಿಗೆಗೆ ತಂದು ಓಡಿಸುವ ಸೀಜನ್ ಜನವರಿಯಲ್ಲಿ ಶುರು ಎಂದು ಹಾಳೆಯ ಹಿಂಬದಿಗೆ ಬರೆದುಕೊಟ್ಟೆ.