ಕೆಲಸಕ್ಕೆ ಮರಳುವ ಮುಂಚೆ ಮಗಳನ್ನು ಅಕ್ಕನಿಗೆ ಒಪ್ಪಿಸಿದ್ದು ಹೀಗೆ

ನಾನು ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ಮಗಳಿಗೆ 9 ತಿಂಗಳು. ಅಮ್ಮನನ್ನು ಬಿಟ್ಟಿರುವುದು ಮಕ್ಕಳಿಗೆ ಕಷ್ಟವಾಗುವ ವಯಸ್ಸೇ ಅದು. ಮೊದಲೆಲ್ಲ ಯಾರು ಎತ್ತಿಕೊಂಡರೂ ನಗುತ್ತಿದ್ದವಳು, ಹೊಸ ಮುಖ ಕಂಡರೆ ನನ್ನ ಕುತ್ತಿಗೆ ತಬ್ಬಿಕೊಳ್ಳಲು ಶುರು ಮಾಡಿದ್ದಳು. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅನ್ನುವುದು ಈ ವಯಸ್ಸಿಗೆ ಮಗುವಿಗೆ ಗೊತ್ತಾಗುತ್ತದೆ. ಯಾವಾಗ ಬರ್ತಾಳೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಅಳು ಬರುವುದು ಅಲ್ಲಿಂದ. ಸಾಮಾನ್ಯವಾಗಿ ಒಂದೂವರೆ ವರ್ಷದವರೆಗೂ ಇದು ಜೋರಾಗಿಯೇ ಇರುತ್ತದೆ.

ಹಾಗಾಗಿ ಮಗು ಅಳಲೇಬಾರದು ಅಂತ ನಾನು ಹಟ ಹಿಡಿಯಲಿಲ್ಲ. ಅತ್ತರೆ, ಅವಳನ್ನು ನೋಡಿಕೊಳ್ಳಲು ಮನೆಗೆ ಬರುವ ಅಕ್ಕನ ತೋಳಲ್ಲಿ ಸಮಾಧಾನ ಆಗಬೇಕು. ಅಷ್ಟೇ ನನ್ನ ಗುರಿ. ಆ ಸಮಾಧಾನ ನಾನು ಹೋದ ಮೇಲೆ ತಾನಾಗಿ ಹುಟ್ಟುವುದಿಲ್ಲ. ನಾನು ಪಕ್ಕದಲ್ಲಿ ಇರುವಾಗಲೇ ಅವರಿಬ್ಬರ ನಡುವೆ ಬೆಳೆಯಬೇಕು. ಜರ್ಮನಿಯ ಶಿಶುಕೇಂದ್ರಗಳಲ್ಲಿ ಬಳಸುವ 'ಬರ್ಲಿನ್ ಮಾದರಿ' ಅಂತ ಒಂದಿದೆ. ಅದರಲ್ಲಿ ಮೊದಲ 3 ದಿನ ಅಪ್ಪ ಅಥವಾ ಅಮ್ಮ ಮಗುವನ್ನು ಬಿಟ್ಟು ಹೋಗುವುದೇ ಇಲ್ಲ, ಸುಮ್ನೆ ಕೋಣೆಯಲ್ಲಿ ಕೂತಿರುತ್ತಾರೆ. ಸಾಮಾನ್ಯವಾಗಿ 4ನೇ ದಿನ, ಹೆಚ್ಚೆಂದರೆ ಅರ್ಧ ಗಂಟೆ, ಮೊದಲ ಸಲ ಹೊರಗೆ ಹೋಗುತ್ತಾರೆ. ಆಗ ಮಗು ಹೇಗಿತ್ತು ಅನ್ನುವುದರ ಮೇಲೆ ಮುಂದಿನ ದಿನಗಳ ಲೆಕ್ಕ. ಇದನ್ನೇ ನಾನು ಮನೆಗೆ ಹೊಂದಿಸಿಕೊಂಡೆ. ಕೆಲಸ ಶುರುವಾಗುವ ಕೆಲವು ವಾರ ಮುಂಚೆಯೇ ಅಕ್ಕನಿಗೆ ಬರಲು ಹೇಳಿದೆ.

ಮೊದಲ ದಿನಗಳಲ್ಲಿ ಅಕ್ಕನಿಗೆ ನಾನು ಕೇಳಿಕೊಂಡದ್ದು ಒಂದೇ: "ಅಕ್ಕಾ, ನೀವಾಗಿ ಅವಳನ್ನ ಎತ್ಕೋಬೇಡಿ. ನೆಲದ ಮೇಲೆ ಕೂತಿರಿ, ಅವಳೇ ಬರಲಿ." ಅಕ್ಕ ಒಂದು ಪಾತ್ರೆ, ಒಂದು ಚಮಚ ಇಟ್ಟುಕೊಂಡು ಮೆಲ್ಲಗೆ ಬಡಿಯುತ್ತಾ ಕೂತರು. ಮಗಳು ನನ್ನ ಮಡಿಲಿಂದ ಸ್ವಲ್ಪ ಹೊತ್ತು ನೋಡಿದಳು, ಅಂಬೆಗಾಲಿಟ್ಟು ಅರ್ಧ ದಾರಿ ಹೋದಳು, ವಾಪಸ್ ಬಂದು ನನ್ನ ಮೊಣಕಾಲು ಮುಟ್ಟಿದಳು, ಮತ್ತೆ ಹೋದಳು. ಈ ಹೋಗಿ ಬರುವುದೇ ಮುಖ್ಯ. ಅಮ್ಮ ಇದ್ದಲ್ಲೇ ಇದ್ದಾಳೆ ಅಂತ ಖಾತ್ರಿ ಆದಷ್ಟೂ ಮಗು ದೂರ ಹೋಗುತ್ತದೆ. ನಾನು ಆಟಕ್ಕೆ ಸೇರಲಿಲ್ಲ, ಮಧ್ಯೆ ಎದ್ದು ಬೇರೆ ಕೆಲಸಕ್ಕೂ ಹೋಗಲಿಲ್ಲ.

ಆಮೇಲೆ ಒಂದೊಂದೇ ಕೆಲಸ ಅಕ್ಕನ ಕೈಗೆ ಹೋಯಿತು. ಮೊದಲು ಡೈಪರ್ ಬದಲಿಸುವುದು, ನಾನು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಊಟ. ಎಲ್ಲಕ್ಕಿಂತ ಕೊನೆಗೆ ನಿದ್ದೆ ಮಾಡಿಸುವುದು. ನಿದ್ದೆ ಬಂದ ಮಗುವಿಗೆ ಅಮ್ಮನೇ ಬೇಕು, ಅಲ್ವಾ? ಆ ಹೊತ್ತಲ್ಲಿ ಹೊಸಬರ ಕೈಗೆ ಕೊಟ್ಟರೆ ಅಷ್ಟು ದಿನ ಕಟ್ಟಿದ್ದೂ ಅಲುಗಾಡುತ್ತದೆ. ನಾನು ಹಾಡುವ ಹಾಡು, ಬೆನ್ನು ತಟ್ಟುವ ರೀತಿ, ಎಲ್ಲವನ್ನೂ ಅಕ್ಕನಿಗೆ ತೋರಿಸಿದ್ದೆ. ಅಕ್ಕ ಅದನ್ನೇ ಮಾಡಿದರು.

ಮೊದಲ ಸಲ ಹೊರಗೆ ಹೋದದ್ದು ಬೆಳಗ್ಗೆ, ಅವಳ ಹೊಟ್ಟೆ ತುಂಬಿ, ನಿದ್ದೆ ಆಗಿ ಖುಷಿಯಾಗಿದ್ದಾಗ. ಆಟದಲ್ಲಿ ಮೈಮರೆತಿದ್ದಾಳೆ, ಹೇಳದೆ ಹೋಗಿಬಿಡು ಅಂತ ಮನೆಯ ಹಿರಿಯರು ಹೇಳಿದರು. ಅವರು ಹೇಳಿದ್ದು ಮಗು ಅಳಬಾರದು ಅನ್ನುವ ಪ್ರೀತಿಯಿಂದಲೇ. ಆದರೆ ಕದ್ದು ಹೋದರೆ ಆ ಹೊತ್ತಿನ ಅಳು ಮಾತ್ರ ತಪ್ಪುತ್ತದೆ. ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಅಂತ ಮಗು ಕಲಿಯುತ್ತದೆ, ಆಮೇಲೆ ಬಾತ್‌ರೂಮಿಗೆ ಹೋಗಲೂ ಬಿಡುವುದಿಲ್ಲ. ಅದಕ್ಕೇ ನಾನು ಪ್ರತಿ ಸಲ ಒಂದೇ ಕ್ರಮ ಇಟ್ಟುಕೊಂಡೆ: ಹಣೆಗೆ ಮುತ್ತು, "ಅಮ್ಮ ಹೋಗಿ ಬರ್ತೀನಿ" ಅನ್ನುವ ಮಾತು, ಅಕ್ಕನ ಕೈಗೆ ಕೊಡುವುದು, ಟಾಟಾ, ಬಾಗಿಲು. ಅರ್ಧ ನಿಮಿಷದ ಕೆಲಸ. ಅತ್ತಳು ಅಂತ ಬಾಗಿಲಿಂದ ವಾಪಸ್ ಬಂದು ಮತ್ತೊಮ್ಮೆ ಎತ್ತಿಕೊಂಡರೆ ಬೀಳ್ಕೊಡುವುದು ಎರಡು ಸಲ ಆಗುತ್ತದೆ, ಅಳುವೂ ಎರಡು ಪಟ್ಟು.

ಹೊರಗೆ ನಿಂತು ನಾನು ಗಮನಿಸಿದ್ದು ಅಳು ಎಷ್ಟು ಜೋರು ಅಂತಲ್ಲ, ಅದು ಇಳಿಯುತ್ತಿದೆಯಾ ಅಂತ. ಮೊದಲು ಕಿರುಚಾಟ, ಆಮೇಲೆ ಬಿಕ್ಕು, ಆಮೇಲೆ ನಡುನಡುವೆ ಮೌನ. ಕಿಟಕಿಯ ಹತ್ತಿರ ನಿಂತು ಏನೋ ತೋರಿಸುತ್ತಿದ್ದ ಅಕ್ಕನ ದನಿ. ಸುಮಾರು ಕಾಲು ಗಂಟೆಗೆ ನಾನು ಒಳಗೆ ಬಂದೆ. ಅಕ್ಕ ಎತ್ತಿಕೊಂಡು ಸಮಾಧಾನ ಮಾಡಿದರೂ ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ಒಳಗೆ ಬರುವುದು, ಒಂದೆರಡು ದಿನ ಮತ್ತೆ ಜೊತೆಯಲ್ಲೇ ಕೂರುವುದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನೆಗಡಿ ಬಂದಾಗ ಒಮ್ಮೆ ಹಾಗೆ ಮಾಡಬೇಕಾಯಿತು. ಮೈಯಲ್ಲಿ ಹುಷಾರಿಲ್ಲದ ಮಗುವಿನ ಜೊತೆ ಹೊಸ ಹೆಜ್ಜೆ ಬೇಡ.

ಒಂದು ಊಟ ದಾಟುವಷ್ಟು, ಆಮೇಲೆ ಒಂದು ನಿದ್ದೆ ದಾಟುವಷ್ಟು, ಆಮೇಲೆ ಅರ್ಧ ದಿನ. ಹೀಗೆ ಹೊತ್ತು ಹೆಚ್ಚಿಸಿದೆ. ಕೆಲಸಕ್ಕೆ ಸೇರಿದ್ದು ವಾರದ ಮಧ್ಯದಲ್ಲಿ. ಎರಡು ಮೂರು ದಿನಕ್ಕೆ ರಜೆ ಬಂದರೆ ಅವಳಿಗೂ ಉಸಿರಾಡಲು ಹೊತ್ತು ಸಿಗುತ್ತದೆ. ನಾನು ಉಟ್ಟು ಬಿಟ್ಟ ಹತ್ತಿ ಬಟ್ಟೆಯ ತುಂಡನ್ನು ಅಕ್ಕ ಎತ್ತಿಕೊಂಡಾಗ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ನನ್ನ ವಾಸನೆ ಅವಳಿಗೆ ಸಿಗಲಿ ಅಂತ. ಮಲಗಿದಾಗ ಮಾತ್ರ ಅದನ್ನು ಹತ್ತಿರ ಇಡುತ್ತಿರಲಿಲ್ಲ. ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ಬಿಡಿ ಬಟ್ಟೆ ಇರಬಾರದು, ಮುಖಕ್ಕೆ ಬಿದ್ದರೆ ಉಸಿರು ಕಟ್ಟುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಹಾಲು. ಹಿಂಡಿಟ್ಟ ಹಾಲನ್ನು ಅಕ್ಕ ಲೋಟದಲ್ಲಿ ಕುಡಿಸಿದರೆ ನಾಲ್ಕು ಗುಟುಕು ಕುಡಿದು ಮುಖ ತಿರುಗಿಸುತ್ತಿದ್ದಳು. ರಾತ್ರಿ ಮಾತ್ರ ಬಿಡದೆ ಕುಡಿಯುತ್ತಿದ್ದಳು. ಅಮ್ಮ ಹಗಲು ಇಲ್ಲದಾಗ ಕೆಲವು ಮಕ್ಕಳು ಹೀಗೆ ಹಗಲಿನ ಪಾಲನ್ನು ರಾತ್ರಿಗೆ ತಳ್ಳುತ್ತವೆ. ಗಟ್ಟಿ ಆಹಾರ ತಿನ್ನುತ್ತಿದ್ದಳು, ದಿನವಿಡೀ ಡೈಪರ್ ಚೆನ್ನಾಗಿ ಒದ್ದೆಯಾಗುತ್ತಿತ್ತು, ತೂಕ ಏರುತ್ತಿತ್ತು. ಅದಕ್ಕೆ ನಾನು ಬಲವಂತ ಮಾಡಿಸಲಿಲ್ಲ. ಬೆಳಗ್ಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದ ಕೂಡಲೇ ಒಮ್ಮೆ ಕುಡಿಸಿದೆ.

ಸಂಜೆಯ ಅಳು ಬೇರೆ. "ಇಷ್ಟೊತ್ತು ಚೆನ್ನಾಗೇ ಇದ್ಲು, ನಿಮ್ಮನ್ನ ನೋಡಿದ ಕೂಡಲೇ ಶುರು ಮಾಡಿದ್ಲು ನೋಡಿ" ಅಂತ ಅಕ್ಕ ನೊಂದುಕೊಳ್ಳುತ್ತಿದ್ದರು. ದಿನವೆಲ್ಲ ತಡೆದಿಟ್ಟದ್ದನ್ನು ಮಗು ನಂಬಿದವರ ಮುಂದೆ ಇಳಿಸುತ್ತದೆ, ಅಕ್ಕ ಸರಿಯಾಗಿ ನೋಡಿಕೊಂಡಿಲ್ಲ ಅಂತಲ್ಲ. ಬಂದ ಮೇಲೆ ಅರ್ಧ ಗಂಟೆ ಫೋನ್ ಇಲ್ಲ, ಅಡುಗೆಮನೆ ಇಲ್ಲ, ನೆಲದ ಮೇಲೆ ಅವಳ ಜೊತೆ ಅಷ್ಟೇ.

ಕೆಲವು ವಾರ ಕಳೆದು ಒಂದು ರಜೆಯ ದಿನ ಅಕ್ಕ ಸುಮ್ನೆ ನೋಡಿಹೋಗಲು ಬಂದಿದ್ದರು. ಮಗಳು ಬಿದ್ದು ತಲೆ ತಾಗಿಸಿಕೊಂಡಳು. ನಾನು ಆ ಕಡೆ, ಅಕ್ಕ ಹತ್ತಿರ. ಅವಳು ಅಕ್ಕನ ಕಡೆಗೇ ಕೈ ಚಾಚಿದಳು. ನನಗೆ ಎದೆಯಲ್ಲಿ ಚುರುಕ್ ಅಂದಿತು ನಿಜ, ಆದರೆ ನಾನು ಇಷ್ಟು ದಿನ ಕಾಯುತ್ತಿದ್ದುದು ಇದಕ್ಕೇ.

ಎಲ್ಲ ಅಳುವನ್ನೂ ಕಾದು ಕಳೆಯಬಾರದು. ಕೆಲವು ವಾರವಾದರೂ ಮಗು ದಿನವಿಡೀ ಸಮಾಧಾನ ಆಗದಿದ್ದರೆ, ಊಟ ಬಿಟ್ಟರೆ, ಆಟ ಬಿಟ್ಟು ಮಂಕಾಗಿ ಕೂತರೆ, ನೋಡಿಕೊಳ್ಳುವವರು ಹತ್ತಿರ ಬಂದರೆ ಬೆಚ್ಚಿದರೆ, ಅದು ಬೇರೆ ವಿಷಯ. ಹೇಳದೆ ಒಂದು ದಿನ ಬೇಗ ಮನೆಗೆ ಬಂದು ನೋಡಿ, ಮಕ್ಕಳ ಡಾಕ್ಟರಿಗೂ ತೋರಿಸಿ. ಅಳದೆ ಸುಮ್ಮನಾಗಿಬಿಟ್ಟ ಮಗು ಹೊಂದಿಕೊಂಡಿದೆ ಅಂತ ಅಂದುಕೊಳ್ಳುವ ಮುಂಚೆ ಅದು ನಗುತ್ತದೆಯಾ, ಆಡುತ್ತದೆಯಾ ಅಂತ ನೋಡಬೇಕು.

ಅಕ್ಕ ಊರಿಗೆ ಹೋಗಿ ಬಂದಾಗ ನಮ್ಮಲ್ಲಿ ಮತ್ತೆ ಅಳು ಶುರುವಾಯಿತು. ನಾನು ಒಂದು ದಿನ ರಜೆ ಹಾಕಿ ಇಬ್ಬರ ಜೊತೆ ನೆಲದ ಮೇಲೆ ಕೂತೆ, ಮರುದಿನ ಅರ್ಧ ದಿನ ಹೋದೆ. ಈ ಸಲ ಅಷ್ಟೇ ಸಾಕಾಯಿತು.